ದಿನಾ ನೋಡುವವರ ಕೈಗೇ ರೆಸ್ಯೂಮೆ ಕೊಡುವಾಗ

ಪತ್ರ: ಹಾಸನದ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಒಂಬತ್ತು ವರ್ಷದಿಂದ ಗೋದಾಮಿನ ಸೂಪರ್‌ವೈಸರ್ ಆಗಿದ್ದೇನೆ. ನಮ್ಮಲ್ಲೇ ಕ್ವಾಲಿಟಿ ವಿಭಾಗದ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆ ಖಾಲಿಯಿದೆ. ರೆಸ್ಯೂಮೆ ಕೇಳಿದ್ದಾರೆ. ದಿನಾ ನನ್ನನ್ನು ನೋಡುವ ಮ್ಯಾನೇಜರಿಗೆ ಹೊಸದಾಗಿ ಏನು ಬರೆಯಲಿ ಸಾರ್?

ಸಂಪಾದಕರ ಉತ್ತರ: ಅವರು ನಿಮ್ಮನ್ನು ಬಲ್ಲರು, ಆದರೆ ಗೋದಾಮಿನವರೆಂದು ಬಲ್ಲರು. ತೊಡಕು ಅಲ್ಲೇ ಇದೆ. ಚೀಲ ಎಣಿಸಿ ಲಾರಿ ಇಳಿಸುವ ನಿಮ್ಮನ್ನು ವರ್ಷಗಟ್ಟಲೆ ಕಂಡ ಕಣ್ಣಿಗೆ, ತೇವಾಂಶದ ಮೀಟರ್ ಹಿಡಿದ ನೀವು ಬೇಗ ಕಾಣುವುದಿಲ್ಲ. ಸಂದರ್ಶನಕ್ಕೆ ಹೆಡ್ ಆಫೀಸಿನ ಎಚ್‌ಆರ್‌ನವರು ಕೂತರಂತೂ ಅವರಿಗೆ ನೀವು ಬರೀ ಒಂದು ಹೆಸರು.

ಹಳೆಯ ರೆಸ್ಯೂಮೆಗೆ ಎರಡು ಸಾಲು ಅಂಟಿಸಿ ಕೊಡಬೇಡಿ. ಹುದ್ದೆಯ ನೋಟಿಸನ್ನು ಎದುರಿಗಿಟ್ಟುಕೊಂಡು, ಅಲ್ಲಿ ಕೇಳಿದ ಕೆಲಸಗಳಲ್ಲಿ ಯಾವುದನ್ನು ಈಗಾಗಲೇ ಮಾಡಿದ್ದೀರಿ ಎಂದು ಹುಡುಕಿ. 'ಗೋದಾಮಿನ ಪೂರ್ಣ ಜವಾಬ್ದಾರಿ' ಎಂದರೆ ಯಾರಿಗೂ ಹೊಸ ಸುದ್ದಿಯಲ್ಲ. ಹೀಗೆ ಬರೆದು ನೋಡಿ: 'ಪಾರ್ಚ್‌ಮೆಂಟ್ ಲಾರಿ ಬಂದ ಕೂಡಲೇ ಪ್ರತಿ ಲಾಟಿನ ಮಾದರಿ ತೆಗೆದು, ತೇವಾಂಶ ಅಳೆದು, ಬೆಳೆಗಾರರ ಎದುರೇ ಚೀಟಿಗೆ ಸಹಿ ಹಾಕಿಸುವ ಕ್ರಮ ಶುರುಮಾಡಿದೆ. ಔಟ್‌ಟರ್ನ್ ತಕರಾರು ಒಂದು ಸುಗ್ಗಿಯಲ್ಲಿ 14 ಇದ್ದದ್ದು ಮುಂದಿನ ಸುಗ್ಗಿಗೆ 5ಕ್ಕೆ ಇಳಿಯಿತು.' ಪಾರ್ಚ್‌ಮೆಂಟ್ ಎಂದರೆ ಒಳಸಿಪ್ಪೆ ಇನ್ನೂ ತೆಗೆಯದ ಕಾಫಿ ಬೀಜ, ಹಸಿ ಇದ್ದರೆ ಒಣಗಿದಾಗ ತೂಕ ಕಳೆದುಕೊಳ್ಳುತ್ತದೆ. ಔಟ್‌ಟರ್ನ್, ಅಂದರೆ ಕೊನೆಗೆ ಕೈಗೆ ಸಿಗುವ ಶುದ್ಧ ಬೀಜದ ಪ್ರಮಾಣ, ಕಡಿಮೆ ಬಂದಾಗ ಬೆಳೆಗಾರರು ಘಟಕವನ್ನು ಅನುಮಾನಿಸುತ್ತಾರೆ. ಗೇಟಿನಲ್ಲೇ ಅಳೆದರೆ ಆ ಜಗಳ ಹುಟ್ಟುವುದಿಲ್ಲ. ಇದು ಗೋದಾಮಿನಲ್ಲಿ ಕೂತು ಮಾಡಿದ ಕ್ವಾಲಿಟಿ ಕೆಲಸ!

ಅಂಕಿ ಮಾತ್ರ ನಾನು ಉದಾಹರಣೆಗೆ ಹಾಕಿದ್ದು. ನಿಮ್ಮದನ್ನು ತಕರಾರಿನ ರಿಜಿಸ್ಟರಿನಿಂದಲೇ ತೆಗೆಯಿರಿ. ಹೊರಗಿನ ಕಂಪನಿಯಲ್ಲಿ ಉಬ್ಬಿಸಿದ ಅಂಕಿ ದಾಟಿಹೋಗಬಹುದು, ಇಲ್ಲಿ ಐದು ನಿಮಿಷದಲ್ಲಿ ರಿಜಿಸ್ಟರ್ ತೆರೆಯುತ್ತದೆ. ಲ್ಯಾಬಿನವರೂ ಕೈಜೋಡಿಸಿದ್ದರೆ 'ಲ್ಯಾಬಿನವರ ಜೊತೆ' ಎಂದು ಬರೆದು, ನಿಮ್ಮ ಪಾಲು ಇಷ್ಟು ಎಂದು ಹೇಳಿ. ಲ್ಯಾಬಿನ ಆ ಮನುಷ್ಯನೇ ಸಂದರ್ಶನದ ಮೇಜಿನಾಚೆ ಕೂತಿರಬಹುದಲ್ಲ.

ಒಮ್ಮೆ ಲಾಟುಗಳು ಬೆರಕೆಯಾಗಿ ಬೈಸಿಕೊಂಡಿದ್ದರೆ, ಎಲ್ಲರಿಗೂ ನೆನಪಿರುತ್ತದೆ. ಆ ತಪ್ಪನ್ನು ರೆಸ್ಯೂಮೆಯಲ್ಲಿ ಬರೆಯಬೇಕಿಲ್ಲ. ಆಮೇಲೆ ನೀವು ತಂದ ಟ್ಯಾಗ್ ಪದ್ಧತಿಯನ್ನು ಬರೆಯಿರಿ, ಕೇಳಿದರೆ ಬಾಯಲ್ಲಿ ನೇರವಾಗಿ ಹೇಳಿ.

ಮನೆ ವಿಳಾಸ, ಎಸ್ಸೆಸ್ಸೆಲ್ಸಿ ಅಂಕ, ಕಂಪನಿಯ ಪರಿಚಯ ಇವೆಲ್ಲ ಬೇಡ. ಒಂದೂವರೆ ಪುಟ ಸಾಕು.

ಕೊನೆಗೆ, ನೀವು ಕೇಳದೆ ಬಿಟ್ಟದ್ದು. ಅರ್ಜಿ ಹಾಕುವ ಮೊದಲೇ ನಿಮ್ಮ ಮ್ಯಾನೇಜರಿಗೆ ಹೇಳಿ, ಬೇರೆಯವರ ಬಾಯಿಂದ ಕೇಳುವುದು ಅವರಿಗೆ ಕಹಿ. ನಿಮ್ಮನ್ನು ಬಿಟ್ಟುಕೊಡಲು ಅವರು ಹಿಂಜರಿಯುವುದೂ ಉಂಟು. ಡಿಸೆಂಬರಿನಿಂದ ಲಾರಿಗಳು ಸಾಲುಗಟ್ಟುವಾಗ ಗೋದಾಮು ಯಾರು ನೋಡುತ್ತಾರೆ? ಕೆಲಸ ಕಲಿಸಿಟ್ಟ ಹುಡುಗ ಯಾರು, ಅವನಿಗೆ ಏನೇನು ಬರುತ್ತದೆ ಎಂದು ಅರ್ಜಿಯ ಜೊತೆಗಿನ ಪತ್ರದಲ್ಲಿ ಎರಡು ಸಾಲು ಬರೆದುಬಿಡಿ.