ವಚನಕ್ಕೆ ಹಳೆಯ ಇಂಗ್ಲಿಷಿನ ಗಾಂಭೀರ್ಯ ಬೇಕೆ?

ಪ್ರಶ್ನೆ: "ನಮ್ಮ ಅಜ್ಜಿ ದಿನವೂ ಹೇಳುತ್ತಿದ್ದ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ಮಾಡುತ್ತಿದ್ದೇನೆ. ಸರಳ ಇಂಗ್ಲಿಷಿನಲ್ಲಿ ಬರೆದರೆ ಸಾಲುಗಳು ಬೋಳಾಗಿ ಕಾಣುತ್ತವೆ, ಭಕ್ತಿ ಕಾಣುವುದಿಲ್ಲ. ಹಳೆಯ ಇಂಗ್ಲಿಷ್ ಬಳಸುವುದು ಒಳ್ಳೆಯದೋ, ಪ್ರಾಸಬದ್ಧವಾಗಿ ಬರೆಯುವುದು ಒಳ್ಳೆಯದೋ?"

ಉತ್ತರ: ಎರಡೂ ಬೇಡ. ನಿಮಗೆ ಬೋಳು ಎಂದು ಕಾಣುತ್ತಿರುವುದೇ ವಚನ. ಅದಕ್ಕೆ ಗಾಂಭೀರ್ಯ ತೊಡಿಸಲು ಹೋಗಿ ನಾನು ಏನು ಕಳೆದುಕೊಂಡೆ ಎಂಬುದನ್ನು ಹೇಳಿದರೆ, ನನ್ನ ಕಾರಣವೂ ನಿಮಗೆ ತಿಳಿಯುತ್ತದೆ.

ದಾವಣಗೆರೆಯಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿದ್ದು ನಿವೃತ್ತನಾದ ಮೇಲೆ, ಇಲ್ಲಿನ ಒಂದು ಸಂಸ್ಥೆಯವರು ಬಸವ ಜಯಂತಿಗೆಂದು ತರುತ್ತಿದ್ದ ಕಿರುಹೊತ್ತಗೆಗೆ ವಚನಗಳನ್ನು ಅನುವಾದಿಸಿಕೊಡಲು ಕೇಳಿದರು. ಹೊರದೇಶದಲ್ಲಿ ಬೆಳೆಯುತ್ತಿರುವ ನಮ್ಮವರ ಮಕ್ಕಳಿಗಾಗಿ ಅದನ್ನು ಯೋಜಿಸಿದ್ದರು. ನಾನು ಮೊದಲಿಗೆ ಎತ್ತಿಕೊಂಡದ್ದು ಎಲ್ಲರಿಗೂ ಬಾಯಿಪಾಠವಾಗಿರುವ ಈ ವಚನ:

ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ,
ಮುನಿಯಬೇಡ, ಅನ್ಯರಿಗೆ ಅಸಹ್ಯಪಡಬೇಡ,
ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ,
ಇದೇ ಅಂತರಂಗಶುದ್ಧಿ, ಇದೇ ಬಹಿರಂಗಶುದ್ಧಿ,
ಇದೇ ನಮ್ಮ ಕೂಡಲಸಂಗಮದೇವರನೊಲಿಸುವ ಪರಿ.

ಏಳು 'ಬೇಡ'ಗಳಿಗೂ ನಾನು 'ಥೌ ಶಾಲ್ಟ್ ನಾಟ್' ಎಂದು ಬರೆದೆ. ಧಾರ್ಮಿಕ ಮಾತಿಗೆ ಅದೇ ತಕ್ಕ ಇಂಗ್ಲಿಷ್ ಎಂದು ನಂಬಿದ್ದೆ; ಓದಿಕೊಂಡಾಗ ಕಿವಿಗೂ ತುಂಬು ಧ್ವನಿ ಕೇಳಿಸಿತ್ತು. ಹೊತ್ತಗೆ ಅಚ್ಚಾಗಿ ಬಂದ ಮೇಲೆ ರಜೆಗೆ ಊರಿಗೆ ಬಂದಿದ್ದ ತಮ್ಮನ ಮಗಳು ಅದನ್ನು ಓದಿ, "ದೊಡ್ಡಪ್ಪಾ, ಇದನ್ನು ದೇವರು ಹೇಳುತ್ತಿದ್ದಾನಾ?" ಎಂದು ಕೇಳಿದಳು. ಅವಳ ಕಿವಿಗೆ ಅದು ಬೈಬಲ್ಲಾಗಿ ಕೇಳಿಸಿತ್ತು. ಬೇರೆ ಓದುಗರಿಂದಲೂ ಇದೇ ಮಾತು ಸಂಸ್ಥೆಗೆ ತಲುಪಿ, ಉಳಿದ ವಚನಗಳ ಕೆಲಸ ನನ್ನ ಕೈಬಿಟ್ಟಿತು. ಅವರ ನಿರ್ಧಾರ ಸರಿಯಾಗಿಯೇ ಇತ್ತು.

ಈ ತಪ್ಪನ್ನು ಬಿಡಿಸಿ ನೋಡಬೇಕು, ಏಕೆಂದರೆ ಅದು ಬರಿಯ ಶೈಲಿಯ ತಪ್ಪಾಗಿರಲಿಲ್ಲ. 1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಬೈಬಲ್ಲಿನ ದಶಾಜ್ಞೆಗಳು ಇಂಗ್ಲಿಷ್ ಓದುಗರ ಕಿವಿಯಲ್ಲಿ ಎಷ್ಟು ಆಳವಾಗಿ ಇಳಿದಿವೆಯೆಂದರೆ, 'ಥೌ ಶಾಲ್ಟ್ ನಾಟ್' ಎಂದೊಡನೆ ಬೆಟ್ಟದ ಮೇಲಿನಿಂದ ದೇವರು ಜನರಿಗೆ ಆಜ್ಞೆ ವಿಧಿಸುತ್ತಿರುವ ಸಂದರ್ಭವೇ ಎದುರು ನಿಲ್ಲುತ್ತದೆ. ಕೊಲೆ, ಕಳವು, ಸುಳ್ಳುಸಾಕ್ಷಿ ಈ ಮೂರೂ ಆ ಹತ್ತರಲ್ಲಿವೆ. ನಮ್ಮ ವಚನದ ಮೊದಲ ಸಾಲಿನಲ್ಲಿರುವುದೂ ಹೆಚ್ಚುಕಡಿಮೆ ಇವೇ ಮೂರು. ಹೀಗಾಗಿ ಓದುಗ ಮೊದಲ ಸಾಲಿನಲ್ಲೇ ದಾರಿ ತಪ್ಪುತ್ತಾನೆ. ವಚನದಲ್ಲಿ ಮಾತನಾಡುತ್ತಿರುವುದು ದೇವರಲ್ಲ. ಒಬ್ಬ ಭಕ್ತ ತನ್ನ ಪಕ್ಕದಲ್ಲಿರುವವನಿಗೆ, ನಮ್ಮ ದೇವರನ್ನು ಒಲಿಸಿಕೊಳ್ಳುವ ಬಗೆ ಇದು ಎಂದು ಹೇಳುತ್ತಿದ್ದಾನೆ. ದೇವರು ಇಲ್ಲಿ ಆಜ್ಞೆ ಕೊಡುವವನಲ್ಲ, ಒಲಿಯಬೇಕಾದವನು. ನನ್ನ ಅನುವಾದದಲ್ಲಿ ಮಾತಿನ ದಿಕ್ಕೇ ತಿರುಗಿಹೋಗಿತ್ತು. ಒಂದೇ ಒಂದು ಪದದ ಅರ್ಥವೂ ಕೋಶದ ಪ್ರಕಾರ ತಪ್ಪಾಗಿರಲಿಲ್ಲವಾದ್ದರಿಂದ ಅದು ನನ್ನ ಗಮನಕ್ಕೇ ಬರಲಿಲ್ಲ.

ಇನ್ನು 'ಬೇಡ' ಎಂಬ ಮಾತನ್ನೇ ನೋಡಿ. ಊಟಕ್ಕೆ ಕುಳಿತವರು ಇನ್ನೊಂದು ಮುದ್ದೆ ಬೇಡವೆನ್ನುವಾಗಲೂ, ತಾಯಿ ಮಗುವನ್ನು ತಡೆಯುವಾಗಲೂ ಬಳಸುವುದು ಇದೇ ಪದವನ್ನು. ಅದಕ್ಕೆ ಸಮನಾಗಿ ನಿಲ್ಲುವುದು 'ಡೋಂಟ್'. 'ಡು ನಾಟ್' ಎಂದು ಬಿಡಿಸಿ ಬರೆದರೂ ಗೋಡೆಯ ಮೇಲಿನ ಸೂಚನಾಫಲಕದ ಬಿಗಿತ ಬರುತ್ತದೆ. ನನ್ನ ಹಳೆಯ ಸಾಲನ್ನು ಬಾಯಿಮಾತಿನಲ್ಲಿ ಕನ್ನಡಕ್ಕೆ ಮರಳಿ ತಂದು ನೋಡಿದೆ: 'ನೀನು ಕದಿಯತಕ್ಕದ್ದಲ್ಲ' ಎಂದಾಯಿತು. ಹಾಗೆ ಯಾವ ಅಜ್ಜಿಯೂ ಹೇಳುವುದಿಲ್ಲ. ನೀವೂ ಪ್ರತಿ ಸಾಲನ್ನು ಹೀಗೆ ಮರಳಿ ತಂದು ನೋಡಿ. ಆಮೇಲೆ ವಚನದ ಪರಿಚಯವೇ ಇಲ್ಲದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಮಾತ್ರ ಕೇಳಿ. ಚೆನ್ನಾಗಿದೆಯೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ.

ಈಗ ನಾನು ಇಟ್ಟುಕೊಂಡಿರುವ ಪಾಠ ಹೀಗಿದೆ:

ಡೋಂಟ್ ಸ್ಟೀಲ್, ಡೋಂಟ್ ಕಿಲ್, ಡೋಂಟ್ ಟೆಲ್ ಲೈಸ್.
ಡೋಂಟ್ ಗೆಟ್ ಆಂಗ್ರಿ, ಡೋಂಟ್ ಲುಕ್ ಆನ್ ಅದರ್ಸ್ ವಿತ್ ಡಿಸ್ಗಸ್ಟ್.
ಡೋಂಟ್ ಪ್ರೇಯ್ಸ್ ಯುವರ್‌ಸೆಲ್ಫ್, ಡೋಂಟ್ ರನ್ ಡೌನ್ ದ ಒನ್ ಬಿಫೋರ್ ಯು.
ದಿಸ್ ಈಸ್ ಕ್ಲೀನ್ ಇನ್‌ಸೈಡ್, ದಿಸ್ ಈಸ್ ಕ್ಲೀನ್ ಔಟ್‌ಸೈಡ್.
ದಿಸ್ ಈಸ್ ದ ವೇ ಟು ವಿನ್ ಅವರ್ ಕೂಡಲಸಂಗಮದೇವ.

ಇದರಲ್ಲಿ 'ಇದಿರ' ಎಂಬುದಕ್ಕೆ ಬಹಳ ಯೋಚಿಸಿದ್ದೇನೆ. 'ಅದರ್ಸ್' ಎಂದು ಮುಗಿಸಿಬಿಡಬಹುದಿತ್ತು, ಆದರೆ ಅದು ಹಿಂದಿನ ಸಾಲಿನ 'ಅನ್ಯರಿಗೆ' ಸಲ್ಲುವ ಪದ. ಇದಿರು ಎಂದರೆ ಎದುರಿಗೆ ನಿಂತವನು, ಮುಖ ಕಾಣುವಷ್ಟು ಹತ್ತಿರದಲ್ಲಿರುವವನು. ಬಸವಣ್ಣನವರೇ ಇನ್ನೊಂದು ವಚನದಲ್ಲಿ 'ತನ್ನ ವಿಚಾರಿಸಲೊಲ್ಲದು, ಇದಿರ ವಿಚಾರಿಸಹೋಹುದೀ ಮನವು' ಎಂದು 'ತನ್ನ' ಮತ್ತು 'ಇದಿರ' ಎರಡನ್ನೂ ಹೀಗೆಯೇ ಜೋಡಿಯಾಗಿ ನಿಲ್ಲಿಸುತ್ತಾರೆ. ಆದ್ದರಿಂದ ಇಂಗ್ಲಿಷಿನಲ್ಲಿಯೂ ಆ ಸಾಲಿನಲ್ಲಿ ಇಬ್ಬರು ಎದುರುಬದುರಾಗಿ ನಿಂತಿರಬೇಕು. ಇಂತಹ ಪದಗಳ ಬಳಕೆಯನ್ನು ಒಂದೇ ವಚನದಿಂದ ತೀರ್ಮಾನಿಸಬೇಡಿ. ಸಮಗ್ರ ವಚನ ಸಂಪುಟವನ್ನು ಪಕ್ಕದಲ್ಲಿಟ್ಟುಕೊಂಡು ಅದೇ ವಚನಕಾರರು ಬೇರೆಡೆ ಹೇಗೆ ಬಳಸಿದ್ದಾರೆಂದು ನೋಡಿ.

ಕೊನೆಯ ಸಾಲಿನ ಅಂಕಿತವನ್ನು ಕೆಲವರು ಅರ್ಥ ಬಿಡಿಸಿ, ನದಿಗಳು ಕೂಡುವೆಡೆಯ ದೇವರು ಎಂಬಂತೆ ಅನುವಾದಿಸುತ್ತಾರೆ. ಕೃಷ್ಣೆ ಮಲಪ್ರಭೆಯರು ಸೇರುವ ಕೂಡಲಸಂಗಮ ನಿಜವಾದ ಊರು, ಆದ್ದರಿಂದ ಅರ್ಥವೇನೋ ಸರಿ. ಆದರೂ ಈ ವಚನದಲ್ಲಿ ನಾನು ಹೆಸರನ್ನೇ ಉಳಿಸುತ್ತೇನೆ, ಏಕೆಂದರೆ ಅದರ ಮುಂದೆ 'ನಮ್ಮ' ಎಂಬ ಪದವಿದೆ. ನಮ್ಮವರನ್ನು ನಾವು ಹೆಸರಿಟ್ಟು ಕರೆಯುತ್ತೇವೆ, ವರ್ಣನೆಯಿಂದ ಕರೆಯುವುದಿಲ್ಲ.

ಉಳಿಯದೆ ಹೋದದ್ದೂ ಇದೆ. ಕನ್ನಡದಲ್ಲಿ ಕೃತ್ಯ ಮೊದಲು ಬಂದು 'ಬೇಡ' ಕೊನೆಗೆ ಬೀಳುತ್ತದೆ. ಕಳಬೇಡ, ಕೊಲಬೇಡ ಎಂದು ಗಿಡ್ಡವಾಗಿ ಹೊರಟ ಮಾತು 'ಹುಸಿಯ ನುಡಿಯಲು ಬೇಡ' ಎನ್ನುವಾಗ ಉದ್ದವಾಗುತ್ತದೆ. ಇಂಗ್ಲಿಷಿನಲ್ಲಿ ನಿಷೇಧವೇ ಮೊದಲು ಬರಬೇಕು. ಅದನ್ನು ಬಲವಂತವಾಗಿ ತಿರುವಿದರೆ ಮಾತು ಕುಂಟುತ್ತದೆ, ಹಾಗಾಗಿ ಬಿಟ್ಟುಕೊಟ್ಟೆ. ಏಳು 'ಬೇಡ'ಗಳಲ್ಲಿ ಒಂದನ್ನೂ ಕೂಡಿಸಿ ಕಡಿಮೆ ಮಾಡದೆ, ಮೂರು 'ಇದೇ'ಗಳನ್ನೂ ಹಾಗೆಯೇ ಇಟ್ಟರೆ ಲಯ ತಕ್ಕಮಟ್ಟಿಗೆ ನಿಲ್ಲುತ್ತದೆ. ನೀವು ಬಯಸುವ ಪ್ರಾಸದ ಕೆಲಸವನ್ನು ವಚನದಲ್ಲಿ ಈ ಮರುಕಳಿಕೆಯೇ ಮಾಡುತ್ತದೆ.

'ಇದೇ' ಎಂಬುದರ ಏಕಾರ ಮಾತ್ರ ನನಗೆ ಇಂಗ್ಲಿಷಿನಲ್ಲಿ ಸಿಕ್ಕಿಲ್ಲ. ಸ್ನಾನ, ಮಡಿ ಎಂದು ಮನೆಯಲ್ಲಿ ಕಂಡು ಬೆಳೆದವರಿಗೆ, ಹೊರಗಿನ ಶುದ್ಧಿಯೂ ಇದೇ ಎನ್ನುವ ಮಾತು ಎಷ್ಟು ತೀಕ್ಷ್ಣ ಎಂಬುದು ಹೇಳದೆಯೇ ತಿಳಿಯುತ್ತದೆ. ಹೊರಗಿನ ಓದುಗರಿಗೆ ತಿಳಿಯದು. ಅದನ್ನು ಸಾಲಿನೊಳಗೆ ತುರುಕಬೇಡಿ. ಪುಟದ ಅಡಿಯಲ್ಲಿ ಮಡಿ ಎಂದರೇನು ಎಂದು ಎರಡು ವಾಕ್ಯ ಬರೆಯಿರಿ, ಸಾಕು.