10% ಮತ್ತು 2% ಮೈಲುತುತ್ತು ನೀರು ಸೇರಿಸಿದರೆ ಎಷ್ಟು ಪರ್ಸೆಂಟ್?

ಪ್ರಶ್ನೆ: ಒಂದು ಡ್ರಮ್ಮಿನಲ್ಲಿ 20 ಲೀಟರ್ 10% ಮೈಲುತುತ್ತು ನೀರು ಇದೆ, ಇನ್ನೊಂದರಲ್ಲಿ 60 ಲೀಟರ್ 2% ಇದೆ. ಸುಣ್ಣ ಇನ್ನೂ ಹಾಕಿಲ್ಲ. ಎರಡನ್ನೂ ಸೇರಿಸಿದರೆ 6% ಆಗ್ತದೆ ಅಲ್ವಾ? ಅಡಿಕೆಗೆ 1% ಬೋರ್ಡೋ ಮಾಡಬೇಕು.

ಇಲ್ಲ, 4% ಆಗುತ್ತದೆ.

ಪರ್ಸೆಂಟನ್ನು ಸ್ವಲ್ಪ ಹೊತ್ತು ಮರೆತು ತುತ್ತಿನ ತೂಕ ನೋಡಿ. ನಮ್ಮ ಕಡೆ 10% ಅಂದರೆ ನೂರು ಲೀಟರಿನಲ್ಲಿ ಹತ್ತು ಕಿಲೋ. ಹಾಗಾದರೆ ನಿಮ್ಮ 20 ಲೀಟರಿನಲ್ಲಿ ಇರುವುದು 2 ಕಿಲೋ. 60 ಲೀಟರ್ 2% ನೀರಿನಲ್ಲಿ 1.2 ಕಿಲೋ. ಒಟ್ಟು 3.2 ಕಿಲೋ ತುತ್ತು, 80 ಲೀಟರ್ ನೀರು. 3.2 ಅನ್ನು 80ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 4. ಹತ್ತು ಮತ್ತು ಎರಡರ ನಡುವೆ 6 ಬರುವುದು ಎರಡೂ ಡ್ರಮ್ಮಿನಲ್ಲಿ ಸಮ ಸಮ ನೀರಿದ್ದರೆ ಮಾತ್ರ. ನಿಮ್ಮಲ್ಲಿ ತೆಳು ನೀರು ಮೂರು ಪಾಲು, ಗಟ್ಟಿ ನೀರು ಒಂದು ಪಾಲು. ಅದಕ್ಕೇ ಉತ್ತರ 2ರ ಹತ್ತಿರಕ್ಕೆ ಜಾರುತ್ತದೆ. 4ರಿಂದ 2ಕ್ಕೆ ದೂರ 2, 10ಕ್ಕೆ ದೂರ 6. ಈ ದೂರಗಳೂ ಒಂದಕ್ಕೆ ಮೂರು, ಆದರೆ ಅಡಿಮೇಲಾಗಿ: ಯಾವುದು ಜಾಸ್ತಿ ಇದೆಯೋ ಅದರ ದೂರ ಕಡಿಮೆ. ಬಾಯಿಲೆಕ್ಕ ಸರಿಯಾಯಿತಾ ಅಂತ ನೋಡಲು ನನಗೆ ಇಷ್ಟು ಸಾಕು.

ಇನ್ನು ಬೋರ್ಡೋ. ನೂರು ಲೀಟರ್ ಬ್ಯಾರೆಲಿಗೆ 1 ಕಿಲೋ ತುತ್ತು ಬೇಕು. 4% ನೀರಿನಲ್ಲಿ ಅದು 25 ಲೀಟರ್. ಅದಕ್ಕೆ 25 ಲೀಟರ್ ಬರೀ ನೀರು ಸೇರಿಸಿ 50 ಮಾಡಿ. ಬೇರೆ ಬ್ಯಾರೆಲಿನಲ್ಲಿ 1 ಕಿಲೋ ಸುಣ್ಣ ಕಲಸಿದ 50 ಲೀಟರ್ ಇಟ್ಟುಕೊಂಡು, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕಲಕಿ. ನಿಮ್ಮ 80 ಲೀಟರಿನಲ್ಲಿ ಹೀಗೆ ಮೂರು ಬ್ಯಾರೆಲ್ ಆಗುತ್ತದೆ, 5 ಲೀಟರ್ ಉಳಿಯುತ್ತದೆ.

6% ಅಂತ ನಂಬಿದ್ದರೆ ಬ್ಯಾರೆಲಿಗೆ ಸುಮಾರು 17 ಲೀಟರ್ ಹಾಕುತ್ತಿದ್ದಿರಿ. ಆಗ ಹೋಗುವುದು 680 ಗ್ರಾಂ ತುತ್ತು ಮಾತ್ರ. "ಚೂರಿ ಅದ್ದಿ ನೋಡಿದರೆ ಗೊತ್ತಾಗ್ತದಲ್ಲ" ಅಂತ ಅನಿಸಬಹುದು. ಗೊತ್ತಾಗುವುದಿಲ್ಲ! ಕಬ್ಬಿಣದ ಚೂರಿಗೆ ಕೆಂಪು ಹತ್ತುವುದು ಸುಣ್ಣ ಸಾಲದೆ ತಾಮ್ರ ಉಳಿದುಹೋದಾಗ. ತುತ್ತು ಕಡಿಮೆ, ಸುಣ್ಣ ಪೂರ್ತಿ ಒಂದು ಕಿಲೋ ಆದರೆ ಚೂರಿ ಬೆಳ್ಳಗೇ ಬರುತ್ತದೆ. ಮದ್ದು ಮಾತ್ರ ತೆಳು.

ಇದು ನನಗೆ ಆದದ್ದೇ. ಬದಿಯಡ್ಕದ ಕಡೆ ನಮ್ಮ ತೋಟ. ಒಂದು ವರ್ಷ 10%ದ್ದು 20 ಲೀಟರ್, 2%ದ್ದು 100 ಲೀಟರ್ ಇತ್ತು. ನಾನೂ 6 ಅಂತ ಹಿಡಿದು ಬ್ಯಾರೆಲಿಗೆ 17 ಲೀಟರ್ ಅಳೆದು ಹಾಕಿಸಿದೆ. ಪ್ರತಿ ಸಲ ಚೂರಿ ಅದ್ದಿದೆ, ಪ್ರತಿ ಸಲ ಚೊಕ್ಕ. ಸಂಜೆ ಮದ್ದು ಬಿಡುವವರು ಇಳಿದು ಬಂದ ಮೇಲೆ ಅಪ್ಪ ಕೇಳಿದ್ದು ಒಂದೇ ಮಾತು: "ಅಲ್ಲ ಮಾರಾಯ, ನಾಲ್ಕು ಕಿಲೋ ತುತ್ತಲ್ಲಿ ಏಳು ಬ್ಯಾರೆಲ್ ಹೇಗಾಯ್ತು?" ಒಂದೊಂದು ಬ್ಯಾರೆಲಿಗೂ ಅರ್ಧ ಕಿಲೋಗಿಂತ ಸ್ವಲ್ಪ ಮೇಲೆ ಹೋಗಿತ್ತು, ಅಷ್ಟೆ. ಮಳೆಯ ಎಡೆ ನೋಡಿ ಇನ್ನೊಮ್ಮೆ ಬಿಡಿಸಬೇಕಾಯಿತು. ಕೂಲಿಯೂ ಡಬಲ್. ಅಂದಿನಿಂದ ಮೊದಲು ಎಣಿಸುವುದು ಕಿಲೋ, ಆಮೇಲೆ ಬ್ಯಾರೆಲ್.

ಈ ಲೆಕ್ಕ ತಪ್ಪುವ ಎರಡು ಜಾಗ ಇದೆ. ಒಂದು, ತುತ್ತು ಪೂರ್ತಿ ಕರಗಿರಬೇಕು. ಹರಳನ್ನು ಸುಮ್ನೆ ಡ್ರಮ್ಮಿಗೆ ಸುರಿದರೆ ಅಡಿಯಲ್ಲಿ ಕೂರುತ್ತದೆ, ಅಡಿಯ ನೀರು ಗಟ್ಟಿ, ಮೇಲಿನದು ತೆಳು. ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಹಾಕಿದರೆ ಚೆನ್ನಾಗಿ ಕರಗುತ್ತದೆ. ಆದರೂ ಅಳೆಯುವ ಮೊದಲು ಮರದ ಕೋಲಿನಿಂದ ಅಡಿ ಮುಟ್ಟಿ ಕಲಕಿ. ಡ್ರಮ್ ಪ್ಲಾಸ್ಟಿಕ್ಕಿನದೇ ಇರಲಿ, ಕಬ್ಬಿಣ ಬೇಡ, ತಾಮ್ರವೆಲ್ಲ ಅದಕ್ಕೇ ಹತ್ತುತ್ತದೆ.

ಇನ್ನೊಂದು, 10% ನೀರು ಮಾಡಿದ್ದು ಹೇಗೆ ಅಂತ ಕೇಳಿಕೊಳ್ಳಿ. 2 ಕಿಲೋ ಹಾಕಿ ಆಮೇಲೆ 20 ಲೀಟರ್ ಗೆರೆಯವರೆಗೆ ನೀರು ತುಂಬಿದ್ದರೆ ಸರಿ. 20 ಲೀಟರ್ ನೀರಿಗೆ 2 ಕಿಲೋ ಹಾಕಿದ್ದರೆ ಒಟ್ಟು 20ಕ್ಕಿಂತ ಸ್ವಲ್ಪ ಜಾಸ್ತಿಯಾಗಿ, 10ಕ್ಕಿಂತ ತುಸು ಇಳಿದಿರುತ್ತದೆ. ತೋಟದ ಕೆಲಸಕ್ಕೆ ಅದು ದೊಡ್ಡ ವಿಷಯ ಅಲ್ಲ.

ಉಳಿದ 5 ಲೀಟರ್ ತುತ್ತಿನ ನೀರನ್ನು ಮುಚ್ಚಿ, ಮೇಲೆ "4%" ಅಂತ ಬರೆದಿಡಿ, ಮುಂದಿನ ಸಲಕ್ಕೆ ಆಗುತ್ತದೆ. ಸುಣ್ಣ ಸೇರಿಸಿದ್ದನ್ನು ಮಾತ್ರ ಅಂದೇ ಬಿಟ್ಟು ಮುಗಿಸಿ, ಮರುದಿನಕ್ಕೆ ಇಡಬೇಡಿ.