ಇಳುವರಿ ಹೆಚ್ಚಿದ್ದರೂ ದಾರಿ ಸೋತದ್ದೇಕೆ?

ಪ್ರಶ್ನೆ: ಎಥಿಲೀನ್ ಆಕ್ಸೈಡ್ ತಯಾರಿಸಲು ಕ್ಲೋರೋಹೈಡ್ರಿನ್ ವಿಧಾನದಲ್ಲಿ ಸುಮಾರು 80% ಇಳುವರಿ, ಬೆಳ್ಳಿ ಕ್ಯಾಟಲಿಸ್ಟ್ ವಿಧಾನದಲ್ಲಿ ಮೊದಮೊದಲು 70%ರಷ್ಟೇ ಇತ್ತಂತೆ. ಆದರೂ ಎರಡನೆಯದೇ ಗೆದ್ದದ್ದು ಹೇಗೆ ಸರ್?
– ಬಿ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಈ ಇಳುವರಿ ಹೇಳುವುದು ಎಥಿಲೀನಿನ ಕಥೆಯನ್ನು ಮಾತ್ರ. ಜೊತೆಗೆ ಸುರಿದ ಕ್ಲೋರಿನ್, ಸುಣ್ಣ ಎಲ್ಲಿಗೆ ಹೋದವು ಎಂಬುದು ಅದರಲ್ಲಿ ಬರುವುದೇ ಇಲ್ಲ. ಅದನ್ನು ಲೆಕ್ಕಕ್ಕೆ ತರುವುದೇ ಆಟಮ್ ಎಕಾನಮಿ.

ಹಳೆಯ ದಾರಿಯಲ್ಲಿ ಎಥಿಲೀನನ್ನು ಕ್ಲೋರಿನ್ ನೀರಿನೊಡನೆ ಸೇರಿಸಿ, ಆಮೇಲೆ ಸುಣ್ಣದ ಹಾಲು ಹಾಕುತ್ತಿದ್ದರು. ಒಟ್ಟು ಸಮೀಕರಣ ಹೀಗಿದೆ:

C₂H₄ + Cl₂ + Ca(OH)₂ → C₂H₄O + CaCl₂ + H₂O

ಒಳಹೋಗುವ ತೂಕ 28 + 71 + 74 = 173. ಬೇಕಾದ ವಸ್ತು 44. ಅಂದರೆ 25.4%. ಹಾಕಿದ ಒಂದು ಕ್ಲೋರಿನ್ ಪರಮಾಣುವೂ ಎಥಿಲೀನ್ ಆಕ್ಸೈಡಿನಲ್ಲಿ ಉಳಿಯುವುದಿಲ್ಲ! ಇಳುವರಿ 100% ಬಂದರೂ ಒಂದು ಟನ್ ಉತ್ಪನ್ನದ ಜೊತೆ ಎರಡೂವರೆ ಟನ್ ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪುನೀರಾಗಿ ಹೊರಬರುತ್ತದೆ. ಇಳುವರಿ 80% ಎಂದರೆ ಹಾಕಿದ ತೂಕದಲ್ಲಿ ಕೈಗೆ ಸಿಗುವುದು 20% ಮಾತ್ರ.

1937ರಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆ ಮಟ್ಟಕ್ಕೆ ತಂದ ದಾರಿಯಲ್ಲಿ ಎಥಿಲೀನ್ ಬೆಳ್ಳಿಯ ಮೇಲೆ ನೇರವಾಗಿ ಆಮ್ಲಜನಕದೊಡನೆ ಕೂಡುತ್ತದೆ:

C₂H₄ + ½O₂ → C₂H₄O

28 + 16 = 44, ಆಟಮ್ ಎಕಾನಮಿ 100%. ಹಾಗೆಂದು 100 × 0.70 = 70% ಎಂದು ಬರೆದುಬಿಡಬೇಡಿ, ಪರೀಕ್ಷೆಯಲ್ಲಿ ಬಹಳ ಜನ ಎಡವುವುದು ಇಲ್ಲೇ. ಉಳಿದ 30% ಎಥಿಲೀನ್ ಸುಮ್ಮನೆ ಕೂತಿರುವುದಿಲ್ಲ, ಉರಿದು CO₂ ಮತ್ತು ನೀರಾಗುತ್ತದೆ. ಹಾಗೆ ಉರಿಯುವ ಪ್ರತಿ ಮೋಲ್ ಎಥಿಲೀನ್ ಮೂರು ಮೋಲ್ ಆಮ್ಲಜನಕ ತಿನ್ನುತ್ತದೆ. ಒಂದು ಮೋಲ್ ಎಥಿಲೀನಿಗೆ ಲೆಕ್ಕ ಹಾಕಿ: 28 ಗ್ರಾಂ ಎಥಿಲೀನ್, ಉತ್ಪನ್ನಕ್ಕೆ ಹೋದ ಆಮ್ಲಜನಕ 11.2, ಉರಿಗೆ ಹೋದದ್ದು 28.8. ಒಟ್ಟು 68 ಗ್ರಾಂ ಹಾಕಿ ಪಡೆದದ್ದು 30.8 ಗ್ರಾಂ, ಅಂದರೆ 45%. ಆದರೂ ಹಳೆಯ ದಾರಿಯ ಎರಡು ಪಟ್ಟಿಗಿಂತ ಹೆಚ್ಚೇ. ಇಂದಿನ ಒಳ್ಳೆಯ ಕ್ಯಾಟಲಿಸ್ಟ್‌ಗಳಂತೆ 90% ಎಂದಿಟ್ಟುಕೊಂಡರೆ ಇದೇ ಲೆಕ್ಕ 76%ಕ್ಕೆ ಏರುತ್ತದೆ.

ಇನ್ನೊಂದು ಎಚ್ಚರಿಕೆ. ಬೆಳ್ಳಿಯ ದಾರಿಯ 70% ಎಂಬುದು ಆಯ್ಕೆಶೀಲತೆ, ಅಂದರೆ ಬದಲಾದ ಎಥಿಲೀನಿನಲ್ಲಿ ಎಷ್ಟು ಪಾಲು ಸರಿದಾರಿ ಹಿಡಿಯಿತು ಎಂಬುದು. ಒಂದು ಸುತ್ತಿನಲ್ಲಿ ಬದಲಾಗುವುದೇ ಸುಮಾರು ಹತ್ತನೇ ಒಂದು ಪಾಲು, ಮಿಕ್ಕದ್ದನ್ನು ಮತ್ತೆ ಒಳಗೆ ತಿರುಗಿಸುತ್ತಾರೆ. ಒಂದು ಸುತ್ತಿನ ಇಳುವರಿಯನ್ನು ತಂದು 80%ರ ಪಕ್ಕ ಇಟ್ಟರೆ ಬೆಳ್ಳಿಗೆ ಅನ್ಯಾಯವಾಗುತ್ತದೆ.

ಪ್ರೊಪಿಲೀನ್ ಆಕ್ಸೈಡಿಗೂ ಇದೇ ಉಪಾಯ ಏಕಾಗದು ಎಂದು ನೀವು ಮುಂದೆ ಕೇಳಬಹುದು. ಪ್ರೊಪಿಲೀನಿನ ಮಿಥೈಲ್ ಗುಂಪಿನ ಹೈಡ್ರೋಜನ್ ಸುಲಭವಾಗಿ ಕಿತ್ತುಬರುವುದರಿಂದ ಬೆಳ್ಳಿಯ ಮೇಲೆ ಅದು ಬಹುಪಾಲು ಉರಿದೇ ಹೋಗುತ್ತದೆ. ಹಾಗಾಗಿ ಅಲ್ಲಿ ಕ್ಲೋರೋಹೈಡ್ರಿನ್ ದಾರಿ ಬಹುಕಾಲ ಉಳಿಯಿತು. ಎಥಿಲೀನಿಗೆಂದು ಕಟ್ಟಿದ್ದ ಹಳೆಯ ಘಟಕಗಳಲ್ಲಿ ಕೆಲವನ್ನು ಅದಕ್ಕೇ ಬಳಸಿಕೊಂಡರು.